ಆಲೆಮನೆ, ಮರಗಾಲು, ಕೆರೆಕಟ್ಟೆ: ಜೋಡುಪದ ಬಿಡಿಸುವ ಬಗೆ

ಕೃಷ್ಣರಾಜಪೇಟೆ, ಪಾಂಡವಪುರದ ಕಡೆಯ ಕಬ್ಬಿನ ಸೀಮೆಯಲ್ಲಿ ಬೆಳೆದವರಿಗೆ ಆಲೆಮನೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಆಲೆ ಕಬ್ಬು ಅರೆಯುವ ಗಾಣ. ಅದು ಇರುವ ಮನೆ ಆಲೆಮನೆ. ಆದರೆ ಇದೇ ‘ಮನೆ’ಯ ಹಿಂದೆ ಬೇರೆ ಬೇರೆ ಪದ ಇಟ್ಟು ನೋಡಿ. ಅಡುಗೆಮನೆಯಲ್ಲಿ ಅಡುಗೆ ನಡೆಯುತ್ತದೆ. ಹೆಂಚಿನಮನೆಗೆ ಹೆಂಚು ಹೊದಿಸಿರುತ್ತದೆ. ಮದುವೆಮನೆ ಎನ್ನುವುದು ಮದುವೆ ಮುಗಿದ ಮೇಲೆ ಮತ್ತೆ ಬರೀ ಮನೆ. ತವರುಮನೆಯಲ್ಲಿ ತವರು ಬೇರೆ, ಮನೆ ಬೇರೆ ಎಂದಿಲ್ಲ, ತವರೇ ಆ ಮನೆ. ಎರಡು ನಾಮಪದ ಪಕ್ಕಪಕ್ಕ ನಿಂತಿವೆ, ಅವುಗಳ ನಡುವಿನ ಸಂಬಂಧ ಮಾತ್ರ ಪ್ರತಿ ಸಲವೂ ಬೇರೆ. ಆ ಸಂಬಂಧವನ್ನು ಪದ ಬಾಯಿಬಿಟ್ಟು ಹೇಳುವುದಿಲ್ಲ, ನಾವು ಹುಡುಕಿಕೊಳ್ಳಬೇಕು.

ಹುಡುಕಾಟ ಶುರುವಾಗಬೇಕಾದ್ದು ಎರಡನೆಯ ಪದದಿಂದ. ಕನ್ನಡದಲ್ಲಿ ಯಜಮಾನಿಕೆ ಸಾಮಾನ್ಯವಾಗಿ ಕೊನೆಯ ಪದದ್ದು. ಆಲೆಮನೆಯಿಂದ ಹೊರಬರುವ ಸರಕಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಅಚ್ಚುಬೆಲ್ಲ ಎಂದರೆ ಬೆಲ್ಲ, ಅಚ್ಚಿಗೆ ಹೊಯ್ದು ತೆಗೆದದ್ದು. ಅದರ ಪಕ್ಕದಲ್ಲಿ ಉಂಡೆಬೆಲ್ಲ ಇರುತ್ತದೆ. ಬೆಲ್ಲದಚ್ಚು ಎಂದರೆ ಅಚ್ಚು. ‘ಇದು ಒಂದು ಬಗೆಯ ಬೆಲ್ಲವೇ?’ ಎಂದು ಕೇಳಿ, ಹೌದು ಎಂದಾದರೆ ಬೆಲ್ಲವೇ ಯಜಮಾನ. ಕೊನೆಯ ಪದದ ಬಗ್ಗೆ ಕೇಳಿದ ಇಂಥ ಪ್ರಶ್ನೆಗೆ ಅಲ್ಲ ಎಂಬ ಉತ್ತರ ಬಂದರೆ ಮುಖ್ಯವಾಗಿ ಎರಡು ಸಾಧ್ಯತೆಗಳು ಉಳಿಯುತ್ತವೆ. ಒಂದು, ಪದ ಹೊರಗಿನ ಯಾರನ್ನೋ ತೋರಿಸುತ್ತಿರಬಹುದು: ಮುಕ್ಕಣ್ಣ ಒಂದು ಬಗೆಯ ಕಣ್ಣಲ್ಲ, ಶಿವ. ಇದು ಬಹುವ್ರೀಹಿ. ಇನ್ನೊಂದು, ಎರಡು ಪದಕ್ಕೂ ಸಮಪಾಲು ಇರಬಹುದು: ಕೈಕಾಲು ಒಂದು ಬಗೆಯ ಕಾಲಲ್ಲ, ಕೈಯೂ ಕಾಲೂ. ಇದು ದ್ವಂದ್ವ.

ಈ ಕೈಕಾಲಿನ ಜೊತೆಗೆ ಮರಗಾಲನ್ನು ಇಟ್ಟು ನೋಡಿದರೆ ಕನ್ನಡ ತಾನಾಗಿಯೇ ಕೊಡುವ ಒಂದು ಗುರುತು ಕಾಣುತ್ತದೆ. ಮರದಿಂದ ಮಾಡಿದ ಕಾಲು ಮರಗಾಲು, ಅಲ್ಲಿ ‘ಕ’ ಹೋಗಿ ‘ಗ’ ಬಂತು. ಕೈಕಾಲಿನಲ್ಲಿ ‘ಕ’ ಹಾಗೇ ಉಳಿಯಿತು. ಮಳೆಯ ಕಾಲ ಮಳೆಗಾಲ, ಮನೆಯ ಕೆಲಸ ಮನೆಗೆಲಸ, ಬೆಟ್ಟದ ತಾವರೆ ಬೆಟ್ಟದಾವರೆ, ಕಣ್ಣಿನ ಪನಿ ಕಂಬನಿ. ಆದರೆ ತಾಯಿತಂದೆ ತಾಯಿದಂದೆ ಆಗುವುದಿಲ್ಲ, ಅಣ್ಣತಮ್ಮ ಅಣ್ಣದಮ್ಮ ಆಗುವುದಿಲ್ಲ, ಹಣ್ಣುಕಾಯಿ ಹಣ್ಣುಗಾಯಿ ಆಗುವುದಿಲ್ಲ. ಮೊದಲ ಪದ ಎರಡನೆಯದಕ್ಕೆ ಅಧೀನವಾದಾಗ ಕ, ತ, ಪ ಮೆದುವಾಗುತ್ತವೆ. ಎರಡೂ ಸರಿಸಮ ನಿಂತಾಗ ಗಟ್ಟಿಯಾಗಿಯೇ ಉಳಿಯುತ್ತವೆ. ಶಾಲೆಯಲ್ಲಿ ಆದೇಶಸಂಧಿಯನ್ನು ಒಂದು ಪಾಠದಲ್ಲಿ, ಸಮಾಸವನ್ನು ಇನ್ನೊಂದರಲ್ಲಿ ಕಲಿಸುವುದರಿಂದ ಈ ನಂಟು ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ. ನನಗೆ ಅದು ದೊಡ್ಡ ನಷ್ಟವೆನಿಸುತ್ತದೆ.

ಈ ಗುರುತು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ. ಮೆದುವಾಗಿದ್ದರೆ ಅಧೀನ ಸಂಬಂಧ ಎಂದು ಹೆಚ್ಚುಕಡಿಮೆ ನಂಬಬಹುದು (ಗಿಡಗಂಟಿಯಂಥ ಒಂದೆರಡು ಪದ ಹೊರತು, ಅಲ್ಲಿ ಗಿಡವೂ ಕಂಟಿಯೂ ಸಮ). ಗಟ್ಟಿಯಾಗಿ ಉಳಿದಿದ್ದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಬೇಸಿಗೆಕಾಲ ಎಂದೂ ಮನೆಕೆಲಸ ಎಂದೂ ಜನ ಹೇಳುತ್ತಾರೆ.

ಕೆರೆಕಟ್ಟೆ ತೊಡಕಾಗುವುದು ಇಲ್ಲೇ. ‘ಈ ಸಲದ ಮಳೆಗೆ ಕೆರೆಕಟ್ಟೆಗಳೆಲ್ಲ ತುಂಬಿದವು’ ಎಂದಾಗ ಕೆರೆಯೂ ಕಟ್ಟೆಯೂ ಎಂಬ ದ್ವಂದ್ವ. ‘ರಾತ್ರಿ ಕೆರೆಕಟ್ಟೆ ಒಡೆಯಿತು’ ಎಂದಾಗ ಒಡೆದದ್ದು ಕೆರೆಯ ಏರಿ. ಪದದೊಳಗೆ ಎಷ್ಟು ಇಣುಕಿದರೂ ಇದು ತೀರ್ಮಾನವಾಗದು, ವಾಕ್ಯದ ಕ್ರಿಯಾಪದವೇ ಹೇಳಬೇಕು. ತುಂಬುವುದು ನೀರು ನಿಲ್ಲುವ ಜಾಗ, ಒಡೆಯುವುದು ನೀರು ತಡೆಯುವ ದಿಬ್ಬ. ‘ಗಳು’ ಇದೆಯೇ, ಕ್ರಿಯಾಪದ ಬಹುವಚನವೇ ಎಂದು ನೋಡಿದರೂ ಸುಳಿವು ಸಿಗುತ್ತದೆ.

ಅಧೀನ ಸಂಬಂಧ ಎಂದು ಗೊತ್ತಾದ ಮೇಲೆ, ಅದು ಯಾವ ಸಂಬಂಧ? ಇಂದಿನ ಶಾಲೆಯ ದಾರಿಯೆಂದರೆ ಮಾಯವಾದ ವಿಭಕ್ತಿಯನ್ನು ಮರಳಿ ಹಚ್ಚುವುದು. ಅದು ಅರ್ಧ ದಾರಿಯವರೆಗೆ ಕರೆದೊಯ್ಯುತ್ತದೆ. ಔಷಧದ ಅಂಗಡಿಯಲ್ಲಿ ನಾವು ‘ಜ್ವರದ ಮಾತ್ರೆ’ ಕೇಳುತ್ತೇವೆ, ‘ನಿದ್ದೆ ಮಾತ್ರೆ’ಯನ್ನೂ ಕೇಳುತ್ತೇವೆ. ಬಿಡಿಸಿದರೆ ಜ್ವರಕ್ಕೆ ಮಾತ್ರೆ, ನಿದ್ದೆಗೆ ಮಾತ್ರೆ, ಎರಡೂ ಚತುರ್ಥಿಯೇ. ಆದರೆ ಒಂದು ಜ್ವರವನ್ನು ಓಡಿಸುತ್ತದೆ, ಇನ್ನೊಂದು ನಿದ್ದೆಯನ್ನು ಕರೆತರುತ್ತದೆ. ಆದ್ದರಿಂದ ವಿಭಕ್ತಿಯಲ್ಲಿ ನಿಲ್ಲದೆ ಕ್ರಿಯಾಪದ ಹಚ್ಚಿ ಬಿಡಿಸಬೇಕು: ಜ್ವರ ಇಳಿಸುವ ಮಾತ್ರೆ, ನಿದ್ದೆ ಬರಿಸುವ ಮಾತ್ರೆ, ಸೊಳ್ಳೆ ತಡೆಯುವ ಪರದೆ, ಆಲೆ ಇರುವ ಮನೆ, ಹೆಂಚು ಹೊದಿಸಿದ ಮನೆ. ಯಾವ ಕ್ರಿಯಾಪದ ಎಂಬುದು ವ್ಯಾಕರಣದಿಂದ ಬರುವುದಿಲ್ಲ, ಆ ವಸ್ತುವನ್ನು ಬಲ್ಲವರ ಅನುಭವದಿಂದ ಬರುತ್ತದೆ. ಜ್ವರ ಬೇಡವಾದದ್ದು, ನಿದ್ದೆ ಬೇಕಾದದ್ದು ಎಂದು ತಿಳಿದವರಿಗಷ್ಟೇ ಇದು ಸಲೀಸು. ಹೊಸದಾಗಿ ಕನ್ನಡ ಕಲಿಯುವವರು ಎಡವುವುದೂ ಇಲ್ಲೇ.

ಊರ ಹೆಸರುಗಳಿಗೂ ಈ ಕ್ರಿಯಾಪದದ ಪರೀಕ್ಷೆ ಒಡ್ಡಬಹುದು. ಪಾಂಡವಪುರವನ್ನು ‘ಪಾಂಡವರ ಪುರ’ ಎಂದು ಷಷ್ಠಿಯಲ್ಲಿ ಬಿಡಿಸಿದರೆ ಪಾಂಡವರು ಅಲ್ಲಿ ಆಳಿದಂತೆ ಕೇಳಿಸುತ್ತದೆ. ಜನರ ನಂಬಿಕೆಯಲ್ಲಿ ಅವರು ವನವಾಸದಲ್ಲಿ ಅಲ್ಲಿ ತಂಗಿದ್ದವರು. ಪಕ್ಕದ ಕುಂತಿಬೆಟ್ಟವೂ ಅದೇ ಕಥೆಯದು. ಹಿಂದೆ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಮೈಸೂರಿನ ಸುಲ್ತಾನರ ಕಾಲದಲ್ಲಿ ಅವರ ಕಡೆಯಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಬಂಡೆಗಳು ಅವು. ಒಂದು ಹೆಸರು ಪುರಾಣದ್ದು, ಇನ್ನೊಂದು ಪಾಳೆಯದ್ದು. ಆದರೆ ಒಳಗಿನ ಸಂಬಂಧ ಎರಡರಲ್ಲೂ ಒಂದೇ, ‘ತಂಗಿದ್ದ’. ಕಾವೇರಿಯ ಅಣೆಕಟ್ಟೆಯದು ಇದಕ್ಕೆ ತಿರುವುಮುರುವು. 1911ರಲ್ಲಿ ಕೆಲಸ ಶುರುವಾದ ಅದನ್ನು ಊರವರು ಕನ್ನಂಬಾಡಿ ಕಟ್ಟೆ ಎಂದರು, ಅಂದರೆ ಕನ್ನಂಬಾಡಿಯ ಬಳಿ ಕಟ್ಟಿದ ಕಟ್ಟೆ. ಅಧಿಕೃತ ಹೆಸರು ಕೃಷ್ಣರಾಜಸಾಗರ, ಅಂದರೆ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಸಾಗರ. ನೀರು ಒಂದೇ, ಸಂಬಂಧ ಎರಡು.

ಮೂರು ಪದ ಸೇರಿದಾಗ ಯಾವ ಎರಡು ಮೊದಲು ಕೂಡಿದವು ಎಂಬ ಪ್ರಶ್ನೆಯೂ ಏಳುತ್ತದೆ. ಕೃಷ್ಣರಾಜಪೇಟೆಯಲ್ಲಿ ಕೃಷ್ಣ, ರಾಜ ಮೊದಲು ಕೂಡಿ ಒಬ್ಬ ದೊರೆಯಾದ ಮೇಲೆ ಪೇಟೆ ಸೇರಿತು. ಕೃಷ್ಣನ ‘ರಾಜಪೇಟೆ’ ಎಂದು ಯಾರೂ ಓದುವುದಿಲ್ಲ. ಆದರೆ ‘ಹಳೇ ಬೆಲ್ಲದ ಅಂಗಡಿ’ ಎಂಬ ಬೋರ್ಡನ್ನು ಎರಡೂ ಬಗೆಯಲ್ಲಿ ಓದಬಹುದು. ಅಂಗಡಿ ಹಳೆಯದೋ, ಬೆಲ್ಲ ಹಳೆಯದೋ? ಹಳೇ ಬೆಲ್ಲವನ್ನು ಮನೆಮದ್ದಿಗೆಂದು ಹುಡುಕಿಕೊಂಡು ಬರುವವರೂ ಇರುವುದರಿಂದ ಗಿರಾಕಿಗೆ ಇದು ನಿಜವಾದ ಗೊಂದಲ. ಅಂಗಡಿ ಹಳೆಯದಾದರೆ ‘ಬೆಲ್ಲದ ಹಳೇ ಅಂಗಡಿ’ ಎಂದು ಗುಣವಾಚಕವನ್ನು ಅದರ ನಾಮಪದದ ಪಕ್ಕಕ್ಕೇ ಸರಿಸಿ. ಬೆಲ್ಲ ಹಳೆಯದಾದರೆ ‘ಹಳೇಬೆಲ್ಲದ ಅಂಗಡಿ’ ಎಂದು ಎರಡನ್ನೂ ಕೂಡಿಸಿ ಬರೆಸಿ.