ಬಾನೆಟ್ ಬಿಚ್ಚುವ ಮೊದಲು

ಕಳಸದ ಕಡೆಯಿಂದ ಎಳೆದು ತಂದ ಕಾರು ಮೂಡಿಗೆರೆಯ ಗ್ಯಾರೇಜಿನಲ್ಲಿ ನಿಂತಿದೆ. ತೋಟದ ದಾರಿಯಲ್ಲಿ ನಿಲ್ಲಿಸಿದ್ದಾಗ ಗಾಳಿಮಳೆಗೆ ಸಿಲ್ವರ್ ಓಕ್ ಮುರಿದು ಮೇಲೆ ಬಿದ್ದಿತ್ತು. ಮಾಲೀಕರು ಕೊಂಬೆ ತೆಗೆಸುವ ಮುನ್ನವೇ ನಾಲ್ಕೂ ಕಡೆಯಿಂದ ಫೋಟೊ ತೆಗೆದಿದ್ದಾರೆ. ಮೆಕ್ಯಾನಿಕ್ ಇನ್ನೂ ಒಂದು ನಟ್ಟನ್ನೂ ಮುಟ್ಟಿಲ್ಲ. ಎರಡೂ ಒಳ್ಳೆಯದಾಯಿತು. ಸರ್ವೇಯರ್ ಬರುವ ಮೊದಲೇ ಬಿಚ್ಚಿದ ಗಾಡಿಯಲ್ಲಿ ಯಾವುದು ಮರದ ಪೆಟ್ಟು, ಯಾವುದು ಹಳೆಯದು ಎಂದು ಸಾಧಿಸುವುದು ಕಷ್ಟ.

ಚಿಕ್ಕಮಗಳೂರಿನಿಂದ ಬಂದ ಸರ್ವೇಯರ್ ಮೊದಲು ಆರ್‌ಸಿ ಹಿಡಿದು ಚಾಸಿ ನಂಬರ್ ತಾಳೆ ನೋಡಿದರು. ಆಮೇಲೆ ಬಾನೆಟ್ಟಿನ ತಗ್ಗು, ಒಡೆದ ಗಾಜು, ಬಂಪರ್. ಹಿಂದಿನ ಬಾಗಿಲ ಗೀರಿನೊಳಗೆ ತುಕ್ಕು ಕಂಡಿತು. ‘ಇದು ಹಳೇದು ಸರ್, ಸೇರಿಸಕ್ಕಾಗಲ್ಲ’ ಎಂದರು. ಮಾಲೀಕರೂ ಒಪ್ಪಿದರು. ಒಳಗಿನ ರೇಡಿಯೇಟರ್ ಬಾಗಿರಬಹುದೆಂಬ ಅನುಮಾನ ಮೆಕ್ಯಾನಿಕ್‌ಗೆ ಇತ್ತು. ‘ಬಿಚ್ಚಿದಾಗ ಕಂಡರೆ ಹೊಸದು ಹಾಕೋಕೆ ಮುಂಚೆ ಫೋನ್ ಮಾಡಿ, ಹಳೇ ಪಾರ್ಟ್ ಬಿಸಾಕಬೇಡಿ’ ಎಂದು ಹೇಳಿಹೋದರು. ಬಿಚ್ಚಿದ ಮೇಲೆ ರೇಡಿಯೇಟರಿಗೆ ಏನೂ ಆಗಿರಲಿಲ್ಲ.

ವರದಿಯ ಲೆಕ್ಕ ನೋಡೋಣ. ಗ್ಯಾರೇಜಿನ ಎಸ್ಟಿಮೇಟ್ ತೆರಿಗೆ ಬಿಟ್ಟು 55,000 ರೂಪಾಯಿ: ಬಾನೆಟ್ 16,000, ಬಂಪರ್ 8,000, ಗಾಜು 9,000, ಪೇಂಟ್ 12,000, ಕೂಲಿ 10,000. ಸವಕಳಿ ರಕ್ಷಣೆಯಿಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಅರ್ಧ ಕಡಿತ. ಗಾಜಿಗೂ ಕೂಲಿಗೂ ಇಲ್ಲ. ಪೇಂಟ್ ಬಿಲ್ಲಿನ ಕಾಲುಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಇಲ್ಲಿ 1,500. ಕಬ್ಬಿಣದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ ಕಡಿತ. ಕೊನೆಗೆ 1500 ಸಿಸಿವರೆಗಿನ ಕಾರಿಗೆ ಮಾಲೀಕನೇ ಹೊರಬೇಕಾದ 1,000. ವರದಿ ಹೇಳಿದ್ದು 44,500.

ತಪ್ಪು ಇದ್ದದ್ದು ಬಾನೆಟ್ಟಿನ ಸಾಲಿನಲ್ಲಿ. ಅದಕ್ಕೆ ಶೇ. 25 ಕಳೆದಿದ್ದರು, ಅಂದರೆ ಮೂರು ವರ್ಷ ದಾಟಿದ ಗಾಡಿಯ ದರ. ಆದರೆ ಮರ ಬಿದ್ದ ದಿನ ಕಾರಿಗೆ ಎರಡು ವರ್ಷ ಹನ್ನೊಂದು ತಿಂಗಳು. ದರ ಶೇ. 15 ಆಗಬೇಕಿತ್ತು. ವ್ಯತ್ಯಾಸ 1,600 ರೂಪಾಯಿ.

ಇಂಥದ್ದು ಕಾಣಬೇಕಾದರೆ ವರದಿ ಕೈಯಲ್ಲಿರಬೇಕು. ಕಂಪನಿಗೆ ಬರೆದು ಪ್ರತಿ ಕೇಳಿ. ಎಸ್ಟಿಮೇಟಿನ ಪಕ್ಕ ಇಟ್ಟು ಸಾಲು ಸಾಲಾಗಿ ಓದಿ. ‘ಕಡಿಮೆ ಕೊಟ್ಟಿದ್ದೀರಿ’ ಎಂಬ ದೂರಿಗೆ ಬಲವಿಲ್ಲ. ಯಾವ ಸಾಲು, ಯಾಕೆ ತಪ್ಪು, ಎಷ್ಟು ಆಗಬೇಕು ಎಂದು ಬರೆದು ಆರ್‌ಸಿ ಪ್ರತಿ, ಫೋಟೊ ಲಗತ್ತಿಸಿ. ‘ಬದಲಿಸು’ ಎನ್ನಬೇಕಾದಲ್ಲಿ ‘ರಿಪೇರಿ’ ಎಂದಿದ್ದರೆ ಆ ಭಾಗವನ್ನು ಹಾಗೆಯೇ ಇಟ್ಟು ಮರುಪರಿಶೀಲನೆ ಕೇಳಿ. ದುಡ್ಡು ಬೇಗ ಸಿಗಲೆಂದು ‘ಪೂರ್ಣ ಮತ್ತು ಅಂತಿಮ’ ಎಂಬ ರಸೀದಿಗೆ ಸುಮ್ಮನೆ ಸಹಿ ಹಾಕಬೇಡಿ.

ಸರ್ವೇಯರ್ ವರದಿ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲೇ ಹೇಳಿದೆ. ಕಂಪನಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳು ಉತ್ತರವೇ ಬರದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.