ಹೇರ್‌ಪಿನ್ ಲೇಸ್: ಕುಣಿಕೆಯಿಂದ ಸ್ಟೋಲ್‌ವರೆಗೆ

ಹೇರ್‌ಪಿನ್ ಲೇಸ್ ಹೆಣೆಯಲು ಬೇಕಾಗುವುದು ಎರಡು ಉದ್ದ ಸರಳುಗಳ ಒಂದು ಪುಟ್ಟ ಚೌಕಟ್ಟು ಮತ್ತು ಮಾಮೂಲಿ ಕ್ರೋಶ ಕಡ್ಡಿ. ಮೊದಲು ಈ ಕೆಲಸವನ್ನು ಕೂದಲಿನ ಪಿನ್ನಿನಂಥ ಕವಲುಕಡ್ಡಿಯ ಮೇಲೆ ಮಾಡುತ್ತಿದ್ದರು. ಹೆಸರು ಅಲ್ಲಿಂದಲೇ ಬಂತು. ಈಗಿನ ಚೌಕಟ್ಟಿನ ಮೇಲೆ ಕೆಳಗೆ ಸಾಲು ತೂತುಗಳಿರುವ ಅಡ್ಡಪಟ್ಟಿಗಳಿರುತ್ತವೆ. ಸರಳುಗಳನ್ನು ಬೇರೆ ತೂತಿಗೆ ಸಿಕ್ಕಿಸಿದರೆ ಹೆಣಿಗೆಯ ಅಗಲ ಬದಲಾಗುತ್ತದೆ.

ಮೊದಲ ಕುಣಿಕೆಯ ಗಂಟು ಎರಡು ಸರಳುಗಳ ನಟ್ಟನಡುವೆ ಕೂರಬೇಕು. ಕುಣಿಕೆಯನ್ನು ಎಡ ಸರಳಿಗೆ ಹಾಕಿ, ನೂಲನ್ನು ಬಲ ಸರಳಿನ ಸುತ್ತ ಹಿಂದಕ್ಕೆ ಒಯ್ಯಬೇಕು. ಎಡ ಕುಣಿಕೆಯ ಮುಂದಿನ ಎಳೆಯ ಕೆಳಗೆ ಕಡ್ಡಿ ತೂರಿಸಿ ನೂಲನ್ನೆಳೆದು, ಒಂದು ಚೈನ್ ಹಾಕಿ ಭದ್ರಪಡಿಸಬೇಕು. ಬಳಿಕ ಕಡ್ಡಿ ತೆಗೆದು ಚೌಕಟ್ಟನ್ನು ಬಲದಿಂದ ಎಡಕ್ಕೆ ತಿರುಗಿಸಿದರೆ ನೂಲು ತಾನಾಗಿ ಇನ್ನೊಂದು ಸರಳನ್ನು ಸುತ್ತುತ್ತದೆ. ಬಿಟ್ಟ ಕುಣಿಕೆಗೆ ಕಡ್ಡಿಯನ್ನು ಮತ್ತೆ ಸಿಕ್ಕಿಸಿ, ಎಡಗಡೆಯ ಮುಂದಿನ ಎಳೆಯಲ್ಲಿ ಒಂದು ಸಿಂಗಲ್ ಕ್ರೋಶ. ಮುಂದೆಲ್ಲ ಇದರದೇ ಪುನರಾವರ್ತನೆ. ತಿರುಗಿಸುವ ದಿಕ್ಕು ಮಾತ್ರ ಎಂದೂ ಬದಲಾಗಬಾರದು.

ಕಷ್ಟವಿರುವುದು ಕುಣಿಕೆಗಳನ್ನು ಒಂದೇ ಅಳತೆಯಲ್ಲಿಡುವುದರಲ್ಲಿ. ನಡುವಿನ ಹೆಣಿಗೆ ತುಸು ಒಂದು ಬದಿಗೆ ಸರಿದರೂ ಆ ಬದಿಯ ಕುಣಿಕೆ ಗಿಡ್ಡವಾಗಿ, ಎದುರು ಬದಿಯದು ಉದ್ದವಾಗುತ್ತದೆ. ಚೌಕಟ್ಟು ತಿರುಗಿಸುವಾಗ ಕೊನೆಯ ಹೊಲಿಗೆಯನ್ನು ಎರಡು ಬೆರಳುಗಳಲ್ಲಿ ಹಿಡಿದು ನಡುವೆಯೇ ನಿಲ್ಲಿಸುವುದು ಇದಕ್ಕೆ ಮದ್ದು. ಇನ್ನೊಂದು ಕಾರಣ ಬೇಗ ಕಣ್ಣಿಗೆ ಬೀಳದು: ನೂಲನ್ನು ಬಿಗಿಯಾಗಿ ಸುತ್ತಿದರೆ ತೆಳು ಸರಳುಗಳು ಮಧ್ಯದಲ್ಲಿ ಒಳಕ್ಕೆ ಬಾಗುತ್ತವೆ, ಅಲ್ಲಿ ಪಟ್ಟಿ ಕಿರಿದಾಗುತ್ತದೆ. ಸಂದೇಹ ಬಂದರೆ ಸರಳುಗಳ ನಡುವಿನ ಅಂತರವನ್ನು ಮೇಲೆ, ಮಧ್ಯೆ ಅಳೆದು ನೋಡಿದರಾಯಿತು. ಚೌಕಟ್ಟು ತುಂಬಿದಾಗ ಕೆಳಗಿನ ಪಟ್ಟಿ ಬಿಚ್ಚಿ, ಕೊನೆಯ ನಾಲ್ಕಾರು ಕುಣಿಕೆಗಳನ್ನುಳಿಸಿ ಮಿಕ್ಕವನ್ನು ಜಾರಿಸುತ್ತಾರೆ. ಜಾರಿಸುವ ಮೊದಲೇ ಎರಡೂ ಬದಿಯ ಕುಣಿಕೆಗಳೊಳಗೆ ಬೇರೆ ಬಣ್ಣದ ದಾರ ಪೋಣಿಸಿದರೆ ಅವು ಸಿಕ್ಕಾಗುವುದಿಲ್ಲ. ಐವತ್ತಕ್ಕೊಂದು ಗುರುತು ಕಟ್ಟಿದರೆ ಎಣಿಕೆಯೂ ತಪ್ಪದು.

ಸ್ಟೋಲ್‌ಗೆ ಎಷ್ಟು ಕುಣಿಕೆ ಬೇಕೆಂದು ಮಾದರಿ ತುಂಡುಗಳೇ ಹೇಳಬೇಕು. ಒಂದೊಂದು ಬದಿಗೆ 20 ಕುಣಿಕೆಗಳಿರುವ ಎರಡು ತುಂಡುಗಳನ್ನು ಜೋಡಿಸಿದಾಗ ಉದ್ದ 12 ಸೆಂ.ಮೀ. ಬಂದರೆ, 180 ಸೆಂ.ಮೀ. ಸ್ಟೋಲ್‌ಗೆ ಬದಿಗೆ 300 ಕುಣಿಕೆ ಬೇಕು. ಸಂಖ್ಯೆ ಎರಡರಿಂದಲೂ ಮೂರರಿಂದಲೂ ಭಾಗವಾಗುವುದು ಅನುಕೂಲ. 8 ಸೆಂ.ಮೀ. ಅಗಲದ ಆರು ಪಟ್ಟಿಗಳು ಲೆಕ್ಕಕ್ಕೆ 48 ಸೆಂ.ಮೀ. ಆದರೂ, ಕುಣಿಕೆಗಳು ಒಂದರೊಳಗೊಂದು ಸೇರುವುದರಿಂದ ಕೈಗೆ ಬರುವ ಅಗಲ ಕಡಿಮೆ.

ಜೋಡಿಸಲು ಬೇರೆ ನೂಲು ಬೇಡ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಹರವಿ, ಮೊದಲ ಪಟ್ಟಿಯ ಎರಡು ಕುಣಿಕೆಗಳನ್ನು ಕಡ್ಡಿಗೆ ತೆಗೆದುಕೊಂಡು, ಎರಡನೆಯದರ ಎರಡನ್ನು ಅವುಗಳೊಳಗಿಂದ ಎಳೆಯಬೇಕು. ಮತ್ತೆ ಮೊದಲ ಪಟ್ಟಿಯ ಎರಡು, ಮತ್ತೆ ಎರಡನೆಯದರ ಎರಡು. ನಡುವೆ ಜಡೆಯಂತೆ ಹೆಣೆದುಕೊಳ್ಳುತ್ತ ಹೋಗುತ್ತದೆ. ಕಡ್ಡಿಯನ್ನು ಪ್ರತಿ ಸಲ ಒಂದೇ ಕಡೆಯಿಂದ ತೂರಿಸದಿದ್ದರೆ ಕೆಲವು ಕುಣಿಕೆಗಳ ತಿರುಚು ಬೇರೆಯಾಗಿ ಜಡೆ ಅಲ್ಲಲ್ಲಿ ಒರಟಾಗಿ ಕಾಣುತ್ತದೆ. ಒಂದು ಬದಿಯಲ್ಲಿ ಕುಣಿಕೆ ಮಿಕ್ಕರೆ ಎಲ್ಲೋ ಎಣಿಕೆ ತಪ್ಪಿದೆಯೆಂದೇ ಅರ್ಥ. ಅಲ್ಲಿಯವರೆಗೆ ಬಿಚ್ಚುವುದೇ ಸರಿ, ಎಳೆದು ಸರಿದೂಗಿಸಿದರೆ ಅಂಚು ಸೊಟ್ಟಗಾಗುತ್ತದೆ. ತುದಿಯ ಕುಣಿಕೆಗಳನ್ನು ನೂಲಿನಿಂದ ಕಟ್ಟದಿದ್ದರೆ ಇಡೀ ಜಡೆ ಬಿಚ್ಚಿಕೊಳ್ಳುತ್ತದೆ. ಹೊರ ಅಂಚಿನ ಬಿಡಿ ಕುಣಿಕೆಗಳನ್ನು ಮೂರು ಮೂರಾಗಿ ಸಿಂಗಲ್ ಕ್ರೋಶದಲ್ಲಿ ಸೇರಿಸಿ, ನಡುನಡುವೆ ಮೂರು ಚೈನ್ ಹಾಕಿದರೆ ಅಂಚು ಮುಗಿಯಿತು.