‘ಎರಡು ಆಟೀನು’ ಅಂದರೆ ಎಷ್ಟು?

ಬ್ರಿಜ್‌ನಲ್ಲಿ ಜೊತೆಗಾರನಿಗೆ ಕಣ್ಸನ್ನೆ ಮಾಡಿದರೆ ಮೋಸ. ಕೈಯಲ್ಲಿರುವುದನ್ನು ಬಿಡ್‌ನಲ್ಲೇ ಹೇಳಬೇಕು. ಎಕ್ಕಕ್ಕೆ 4 ಅಂಕ, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಬ್ಬರದೂ ಸೇರಿ ಸುಮಾರು 25 ಆದರೆ ‘ನಾಲ್ಕು ಆಟೀನು’, ಅಂದರೆ 13ರಲ್ಲಿ 10 ಟ್ರಿಕ್, ಸಾಮಾನ್ಯವಾಗಿ ಗಿಟ್ಟುತ್ತದೆ.

ನೀವು ‘ಒಂದು ಆಟೀನು’ ಎಂದು ಶುರು ಮಾಡಿದಿರಿ ಎನ್ನಿ. ಅದು ಸಡಿಲ ಮಾತು. 12 ಅಂಕವೂ ಇರಬಹುದು, 20 ಕೂಡ. ಜೊತೆಗಾರ ‘ಎರಡು ಆಟೀನು’ ಎನ್ನುತ್ತಾನೆ. ಇದಕ್ಕೆ ಮೇಲೂ ಕೆಳಗೂ ಬೇಲಿಯಿದೆ: ಆಟೀನು ಮೂರಾದರೂ ಇವೆ, ಅಂಕ 6ರಿಂದ 9, ಅಷ್ಟೇ. ಇನ್ನು ಲೆಕ್ಕ ನಿಮ್ಮದು. ನಿಮ್ಮಲ್ಲಿ 13 ಇದ್ದರೆ ಮೊತ್ತ 22 ದಾಟದು, ಪಾಸ್ ಮಾಡಿ. 19 ಇದ್ದರೆ ನೇರ ನಾಲ್ಕಕ್ಕೆ ಹೋಗಿ. 17 ಇದ್ದಾಗ ಮಾತ್ರ ಅನುಮಾನ. ‘ಮೂರು’ ಎಂದು ಕೇಳಿದರೆ, 8–9 ಇದ್ದವನು ನಾಲ್ಕು ಎನ್ನುತ್ತಾನೆ, 6 ಇದ್ದವನು ಸುಮ್ಮನಾಗುತ್ತಾನೆ.

ಕೆಡುವುದು ಸಂಕೋಚದಿಂದ. 11 ಅಂಕ ಹಿಡಿದವನು ‘ಮೂರು’ ಎನ್ನುವ ಬದಲು ‘ಎರಡು’ ಎಂದರೆ, 14 ಇರುವ ನೀವು ನಂಬಿ ಪಾಸ್ ಮಾಡುತ್ತೀರಿ. ಕೈಯಲ್ಲಿದ್ದ ಗೇಮ್ ಹೋಯಿತು. ತಪ್ಪು ಪಾಸ್ ಮಾಡಿದವರದಲ್ಲ.